ಯಾವ ಕೆಲಸ ಒಂದು ದಿನವೂ ತಡವಾಗುವಂತಿಲ್ಲ?

ಊರಿನ ಪ್ರೌಢಶಾಲೆಗೆ ಐವತ್ತು ವರ್ಷ ತುಂಬುತ್ತಿದೆ ಎಂದುಕೊಳ್ಳಿ. ಸುವರ್ಣ ಮಹೋತ್ಸವ ಸಮಿತಿ ಸೇರಿದೆ. ಮುಖ್ಯ ಅತಿಥಿ, ಆಮಂತ್ರಣ ಪತ್ರಿಕೆ, ಪೊಲೀಸ್ ಅನುಮತಿ, ವೇದಿಕೆ, ಮಕ್ಕಳ ನಾಟಕ, ಸ್ಮರಣ ಸಂಚಿಕೆ ಎಂದು ಪಟ್ಟಿ ಬೆಳೆಯುತ್ತದೆ. ಒಂದೊಂದರ ಮುಂದೆ ಒಬ್ಬೊಬ್ಬರ ಹೆಸರು ಬರೆದುಕೊಂಡು ಎಲ್ಲರೂ ಏಳುತ್ತಾರೆ. ಯಾವುದು ಮುಗಿಯದೆ ಯಾವುದು ಶುರುವಾಗದು ಎಂಬ ಮಾತು ಮಾತ್ರ ಆ ಪಟ್ಟಿಯಲ್ಲಿ ಇರುವುದಿಲ್ಲ. ಕೊನೆಯ ವಾರ ಸಮಿತಿಯವರೆಲ್ಲ ಶಾಮಿಯಾನದ ಹಿಂದೆ ಓಡಾಡುತ್ತಿರುವಾಗ, ವೇದಿಕೆಯಲ್ಲಿ ಬಿಡುಗಡೆಯಾಗಬೇಕಾದ ಸಂಚಿಕೆ ಇನ್ನೂ ಪ್ರೆಸ್ಸಿನಲ್ಲೇ ಉಳಿದಿರುತ್ತದೆ.

ಈ ಕೊರತೆಯನ್ನು ತುಂಬುವುದು ಕ್ರಿಟಿಕಲ್ ಪಾತ್ ನಕ್ಷೆ. 1957ರಲ್ಲಿ ಅಮೆರಿಕದ ಡುಪಾಂಟ್ ಕಂಪನಿಯ ಮಾರ್ಗನ್ ವಾಕರ್ ಮತ್ತು ರೆಮಿಂಗ್ಟನ್ ರಾಂಡ್ ಕಂಪನಿಯ ಜೇಮ್ಸ್ ಕೆಲ್ಲಿ ರಾಸಾಯನಿಕ ಕಾರ್ಖಾನೆಗಳ ಕೆಲಸಕ್ಕಾಗಿ ಇದನ್ನು ರೂಪಿಸಿದರು. ಲೆಕ್ಕ ಮಾಡಲು ಅವರಿಗೆ ಯೂನಿವ್ಯಾಕ್ ಕಂಪ್ಯೂಟರ್ ಬೇಕಾಯಿತು. ಶಾಲೆಯ ಸಮಾರಂಭಕ್ಕೆ ಒಂದು ಡ್ರಾಯಿಂಗ್ ಹಾಳೆ, ಒಂದು ಪೆನ್ಸಿಲು ಸಾಕು.

ಪ್ರತಿ ಕೆಲಸಕ್ಕೂ ಒಂದು ಚೌಕ ಬರೆಯಬೇಕು. ಒಳಗೆ ಕೆಲಸದ ಹೆಸರು ಮತ್ತು ಅದಕ್ಕೆ ಹಿಡಿಯುವ ದಿನ. ಆಮೇಲೆ ಪ್ರತಿ ಚೌಕದ ಮುಂದೆ ಒಂದೇ ಪ್ರಶ್ನೆ: ಇದನ್ನು ಶುರು ಮಾಡಲು ಮೊದಲು ಏನು ಮುಗಿದಿರಬೇಕು? ಉತ್ತರವಾಗಿ ಬಂದ ಚೌಕದಿಂದ ಇದಕ್ಕೆ ಬಾಣ ಎಳೆಯಬೇಕು. ಈ ಪ್ರಶ್ನೆಯನ್ನು ಕೆಲಸ ಮಾಡುವವರನ್ನೇ ಕೇಳಬೇಕು. ಸಂಚಿಕೆಗೆ ಜಾಹೀರಾತು ತರಲು ಅಂಗಡಿಗಳಿಗೆ ಹೋಗುವವರು, ದಿನಾಂಕ ಗೊತ್ತಾಗದೆ ಯಾರೂ ಜಾಹೀರಾತು ಕೊಡುವುದಿಲ್ಲ ಎನ್ನುತ್ತಾರೆ. ಹಾಗಾಗಿ ಸಂಚಿಕೆಯ ಕೆಲಸ ಅತಿಥಿಯ ಒಪ್ಪಿಗೆಗೆ ಕಾಯುತ್ತದೆ. ಇಂಥ ಸಂಬಂಧ ಪಟ್ಟಿಯಲ್ಲಿ ಕಾಣುವುದಿಲ್ಲ. ಎಲ್ಲ ಬಾಣ ಎಳೆದ ಮೇಲೆ ನಕ್ಷೆಯಲ್ಲಿ ನಾಲ್ಕು ದಾರಿಗಳು ಮೂಡುತ್ತವೆ. ಪಕ್ಕದ ಅಂಕಿಗಳು ದಿನಗಳು.

ಅತಿಥಿಯ ಒಪ್ಪಿಗೆ, ದಿನಾಂಕ 7 → ಲೇಖನ, ಜಾಹೀರಾತು ಸಂಗ್ರಹ 20 → ಡಿಟಿಪಿ, ಪ್ರೂಫು 10 → ಮುದ್ರಣ, ಬೈಂಡಿಂಗ್ 12 → ಸಮಾರಂಭ

ಅತಿಥಿಯ ಒಪ್ಪಿಗೆ, ದಿನಾಂಕ 7 → ಆಮಂತ್ರಣ ಮುದ್ರಣ 6 → ಹಂಚಿಕೆ 14 → ಸಮಾರಂಭ

ಅತಿಥಿಯ ಒಪ್ಪಿಗೆ, ದಿನಾಂಕ 7 → ಪೊಲೀಸ್ ಅನುಮತಿ 10 → ವೇದಿಕೆ, ಶಾಮಿಯಾನ 3 → ವೇದಿಕೆಯ ಮೇಲೆ ಕೊನೆಯ ತಾಲೀಮು 1 → ಸಮಾರಂಭ

ನಾಟಕದ ತಾಲೀಮು 30 → ವೇದಿಕೆಯ ಮೇಲೆ ಕೊನೆಯ ತಾಲೀಮು 1 → ಸಮಾರಂಭ

ಮೊದಲು ಎಡದಿಂದ ಬಲಕ್ಕೆ ದಿನಗಳನ್ನು ಕೂಡುತ್ತ ಹೋಗಬೇಕು. ಎರಡು ಬಾಣಗಳು ಒಂದೇ ಚೌಕಕ್ಕೆ ಬಂದರೆ ದೊಡ್ಡ ಅಂಕಿಯನ್ನೇ ಹಿಡಿಯಬೇಕು. ವೇದಿಕೆ 20ನೇ ದಿನಕ್ಕೇ ಸಿದ್ಧವಾಗಬಹುದು, ಆದರೆ ನಾಟಕ ತಯಾರಾಗುವುದು 30ನೇ ದಿನಕ್ಕೆ. ಕೊನೆಯ ತಾಲೀಮು ಎರಡಕ್ಕೂ ಕಾಯಬೇಕಾದ್ದರಿಂದ ಅದು ನಡೆಯುವುದು 31ರಂದು. ಸಂಚಿಕೆಯ ದಾರಿ 49 ದಿನ, ಆಮಂತ್ರಣದ್ದು 27, ನಾಟಕದ್ದು 31, ವೇದಿಕೆಯದು 21. ಎಲ್ಲಕ್ಕಿಂತ ಉದ್ದವಾದ 49 ದಿನದ ದಾರಿಯೇ ಕ್ರಿಟಿಕಲ್ ಪಾತ್. ಅದಕ್ಕಿಂತ ಮೊದಲು ಸಮಾರಂಭ ನಡೆಸಲು ಸಾಧ್ಯವಿಲ್ಲ.

ಈಗ 49ರಿಂದ ಹಿಂದಕ್ಕೆ ಕಳೆಯುತ್ತ ಬರಬೇಕು. ಮುದ್ರಣ 49ಕ್ಕೆ ಮುಗಿಯಬೇಕಾದರೆ ಪುಟಗಳು ಪ್ರೆಸ್ಸಿಗೆ ಹೋಗಲು 37ನೇ ದಿನವೇ ಗಡುವು. ಎಡದಿಂದ ಕೂಡಿದಾಗ ಬಂದದ್ದೂ 37. ಎರಡೂ ಒಂದೇ ಆದದ್ದರಿಂದ ಇಲ್ಲಿ ಒಂದು ದಿನದ ಬಿಡುವೂ ಇಲ್ಲ. ಆಮಂತ್ರಣ ಹಂಚಲು 35ನೇ ದಿನ ಹೊರಟರೂ ನಡೆಯುತ್ತದೆ. ಪತ್ರಿಕೆ ಕೈಗೆ ಬರುವುದು 13ನೇ ದಿನಕ್ಕೇ. ವ್ಯತ್ಯಾಸ 22 ದಿನ. ನಾಟಕಕ್ಕೆ 18, ಅನುಮತಿಗೆ 28 ದಿನಗಳ ಬಿಡುವು ಸಿಗುತ್ತದೆ. ಎಲ್ಲಿ ಬಿಡುವು ಸೊನ್ನೆಯೋ ಆ ಕೆಲಸಗಳು ಜಾರುವಂತಿಲ್ಲ: ಅತಿಥಿಯ ಒಪ್ಪಿಗೆ, ಸಂಗ್ರಹ, ಪ್ರೂಫು, ಮುದ್ರಣ. ಅತಿಥಿಯ ಮನೆಗೆ ಹೋಗುವುದನ್ನು ಮುಂದಿನ ಸೋಮವಾರಕ್ಕೆ ಹಾಕಿದರೆ ಪುಸ್ತಕವೂ ಅಷ್ಟೇ ದಿನ ಮುಂದೆ ಹೋಗುತ್ತದೆ.

ಬಿಡುವನ್ನು ಓದುವಾಗ ಒಂದು ತಪ್ಪು ಸುಲಭವಾಗಿ ಆಗುತ್ತದೆ. ಆಮಂತ್ರಣದ 22 ದಿನ ಮುದ್ರಣಕ್ಕೂ ಹಂಚಿಕೆಗೂ ಬೇರೆಬೇರೆಯಾಗಿ ಸಿಕ್ಕಿದ್ದಲ್ಲ. ಅದು ಇಡೀ ಸಾಲಿಗೆ ಸೇರಿದ್ದು. ಪತ್ರಿಕೆ ಅಚ್ಚಾಗುವುದರಲ್ಲೇ 20 ದಿನ ಕಳೆದುಹೋದರೆ ಹಂಚುವವರಿಗೆ ಉಳಿಯುವುದು 2 ದಿನ ಮಾತ್ರ.

ನಕ್ಷೆಗೆ ಒಂದು ಮಿತಿಯೂ ಇದೆ. ಬಾಣಗಳು ಕೆಲಸಗಳ ನಡುವಿನ ಸಂಬಂಧವನ್ನು ತೋರಿಸುತ್ತವೆ, ಮಾಡುವ ಕೈಗಳು ಎಷ್ಟು ಎಂಬುದನ್ನು ತೋರಿಸುವುದಿಲ್ಲ. ನಾಟಕ ಮಾಡಿಸುವ ಕನ್ನಡ ಮೇಷ್ಟ್ರೇ ಪ್ರೂಫನ್ನೂ ನೋಡಬೇಕು ಎಂದುಕೊಳ್ಳಿ. ಪ್ರೂಫಿನ ಕೆಲಸ 27ರ ಕೊನೆಯಿಂದ 37ರವರೆಗೆ ನಡೆಯುತ್ತದೆ. ನಾಟಕಕ್ಕೆ 18 ದಿನ ಬಿಡುವಿದೆಯಲ್ಲ ಎಂದು ತಾಲೀಮನ್ನು 15 ದಿನ ತಡವಾಗಿ ಶುರು ಮಾಡಿದರೆ, ಅದು 45ಕ್ಕೆ ಮುಗಿಯುತ್ತದೆ ಎಂದು ನಕ್ಷೆ ಹೇಳುತ್ತದೆ. ಆದರೆ ಮೇಷ್ಟ್ರು ಪ್ರೂಫಿಗೆ ಕುಳಿತ 10 ದಿನ ತಾಲೀಮು ನಿಲ್ಲುತ್ತದೆ. ಅದು ಮುಗಿಯುವ ಹೊತ್ತಿಗೆ 55 ಆಗಿರುತ್ತದೆ, ಸಮಾರಂಭ ಕಳೆದುಹೋಗಿರುತ್ತದೆ. ತಾಲೀಮನ್ನು ಮೊದಲ ದಿನವೇ ಶುರು ಮಾಡಿದರೆ ಪ್ರೂಫು ಬರುವಷ್ಟರಲ್ಲಿ 27 ದಿನದ ಅಭ್ಯಾಸ ಆಗಿರುತ್ತದೆ. ಉಳಿದ 3 ದಿನ ಪ್ರೂಫಿನ ನಂತರ ನಡೆದು ಎಲ್ಲವೂ 40ಕ್ಕೆ ಮುಗಿಯುತ್ತದೆ. ಆದ್ದರಿಂದ ನಕ್ಷೆ ಬರೆದ ಮೇಲೆ ಪ್ರತಿ ಚೌಕದಲ್ಲೂ ಮಾಡುವವರ ಹೆಸರು ಬರೆದು, ಒಂದೇ ಹೆಸರು ಒಂದೇ ಸಮಯದಲ್ಲಿ ಎರಡು ಕಡೆ ಬಂದಿದೆಯೇ ಎಂದು ನೋಡಬೇಕು.

ಕೈಯಲ್ಲಿ 40 ದಿನವಷ್ಟೇ ಇದ್ದರೆ? 9 ದಿನಗಳನ್ನು ಸಂಚಿಕೆಯ ದಾರಿಯಲ್ಲೇ ಉಳಿಸಬೇಕು. ಆಮಂತ್ರಣ ಹಂಚಲು ಇನ್ನೂ ಹತ್ತು ಹುಡುಗರನ್ನು ಕಳಿಸಿದರೂ ಸಮಾರಂಭ ಒಂದು ದಿನವೂ ಹಿಂದಕ್ಕೆ ಬರುವುದಿಲ್ಲ. ಆ ಹುಡುಗರನ್ನು ಜಾಹೀರಾತು, ಲೇಖನ ತರಲು ಕಳಿಸಿದರೆ 20 ದಿನದ ಸಂಗ್ರಹ 15ಕ್ಕೆ ಇಳಿಯಬಹುದು. ಎಲ್ಲ ಲೇಖನ ಬರಲಿ ಎಂದು ಕಾಯದೆ ಬಂದದ್ದನ್ನು ಬಂದಂತೆ ಡಿಟಿಪಿಗೆ ಕೊಟ್ಟರೆ, ಸಂಗ್ರಹ ಮುಗಿದ ಮೇಲೆ ಉಳಿಯುವ ಕೆಲಸ 10 ದಿನದಿಂದ 6ಕ್ಕೆ ಬರಬಹುದು. 7, 15, 6, 12 ಕೂಡಿದರೆ 40. ಆದರೆ ಈಗ ನಾಟಕದ ಬಿಡುವು 18ರಿಂದ 9ಕ್ಕೆ ಇಳಿದಿದೆ, ಪ್ರೂಫಿನ ಸಮಯವೂ ಮುಂಚೆ ಬಂದಿದೆ. ಹಾಗಾಗಿ ಮೇಷ್ಟ್ರ ದಿನಗಳನ್ನು ಮತ್ತೊಮ್ಮೆ ಲೆಕ್ಕ ಹಾಕಬೇಕು. ಒಂದು ದಾರಿಯನ್ನು ಕುಗ್ಗಿಸಿದಾಗಲೆಲ್ಲ ಉಳಿದವನ್ನೂ ಕೂಡಿ ನೋಡಬೇಕು, ಏಕೆಂದರೆ ಒಂದು ಹಂತದಲ್ಲಿ ಬೇರೊಂದು ದಾರಿಯೇ ಉದ್ದವಾಗಿಬಿಡುತ್ತದೆ.

ಹೀಗೆ ಬರೆದ ನಕ್ಷೆಯನ್ನು ವಾರಕ್ಕೊಮ್ಮೆ ತಿದ್ದಬೇಕು. ಸಭೆಯಲ್ಲಿ ಸಾಮಾನ್ಯವಾಗಿ ಕೇಳುವುದು, ಎಷ್ಟು ಕೆಲಸ ಆಯಿತು ಎಂದು. ಮುಕ್ಕಾಲು ಭಾಗ ಆಯಿತು ಎಂಬ ಉತ್ತರದಿಂದ ಲೆಕ್ಕಕ್ಕೇನೂ ಸಿಗುವುದಿಲ್ಲ. ಇನ್ನು ಎಷ್ಟು ದಿನ ಬೇಕು ಎಂದು ಕೇಳಿ, ಆ ಅಂಕಿಯನ್ನು ಚೌಕದಲ್ಲಿ ತಿದ್ದಿ, ಮತ್ತೆ ಕೂಡಬೇಕು. ಮೊದಲು ಸೊನ್ನೆ ಬಿಡುವಿನ ಕೆಲಸದವರನ್ನು ಕೇಳಿ, ನಂತರ ಬಿಡುವು ಕಡಿಮೆ ಇರುವವರನ್ನು ಕೇಳಬೇಕು. ಹಂಚಿಕೆ ಎರಡು ದಿನ ತಡವಾದರೆ ಯಾರನ್ನೂ ಗದರುವ ಅಗತ್ಯವಿಲ್ಲ. ಪ್ರೂಫು ಎರಡು ದಿನ ತಡವಾದರೆ ಅಂದೇ ಪ್ರೆಸ್ಸಿನವರೊಂದಿಗೆ ಕುಳಿತು, ಮುದ್ರಣ ಅಥವಾ ಬೈಂಡಿಂಗಿನಲ್ಲಿ ಆ ಎರಡು ದಿನ ಎಲ್ಲಿ ಉಳಿಯುತ್ತದೆ ಎಂದು ತೀರ್ಮಾನಿಸಬೇಕು.