*99# ಒತ್ತಿದ ಮೇಲೆ ಏನಾಗುತ್ತೆ?

ಗೂಗಲ್ ಪೇ, ಫೋನ್‌ಪೇ ತೆರೆದು ಎರಡು ಸೆಕೆಂಡಲ್ಲಿ ದುಡ್ಡು ಕಳಿಸೋ ನಮಗೆ *99# ಹಳೇ ಕಾಲದ್ದು ಅನ್ನಿಸಬಹುದು. ಆದರೆ ಕೀಪ್ಯಾಡ್ ಫೋನ್ ಇಟ್ಟುಕೊಂಡವರಿಗೆ, ಇಂಟರ್‌ನೆಟ್ ಸರಿಯಾಗಿ ಸಿಗದ ಊರಿನವರಿಗೆ ಬ್ಯಾಂಕ್ ಖಾತೆಗೆ ಹೋಗೋ ಒಂದು ದಾರಿ ಇದು. ಎನ್‌ಪಿಸಿಐ ಈ ಸೇವೆಯನ್ನು 2014ರಲ್ಲಿ ದೇಶದ ಎಲ್ಲ ಕಡೆಗೂ ವಿಸ್ತರಿಸಿತು. ಇದು ನಡೆಯೋದು ಯುಎಸ್‌ಎಸ್‌ಡಿ ಎಂಬ ತಂತ್ರದಿಂದ. ಎಸ್‌ಎಮ್‌ಎಸ್ ಪ್ರತಿ ಫೋನಲ್ಲೂ ಇರುವಾಗ ಇದೊಂದು ಬೇರೆ ಏಕೆ ಬೇಕಾಯ್ತು ಅನ್ನೋದನ್ನು ಈ ಲೇಖನದಲ್ಲಿ ನೋಡೋಣ.

ಮೊದಲಿಗೆ ಒಂದು ತಪ್ಪು ಕಲ್ಪನೆ. ಯುಎಸ್‌ಎಸ್‌ಡಿಗೆ ಇಂಟರ್‌ನೆಟ್ ಬೇಡ, ಅದಕ್ಕೇ ಅದು ಮೇಲು ಅಂತ ನಮ್ಮಲ್ಲಿ ಹಲವರು ಹೇಳ್ತಾರೆ. ಆದರೆ ಎಸ್‌ಎಮ್‌ಎಸ್‌ಗೂ ಇಂಟರ್‌ನೆಟ್ ಬೇಡವಲ್ಲ! ಜಿಎಸ್‌ಎಮ್ ಜಾಲದಲ್ಲಿ ಕರೆ ಜೋಡಿಸಲು ಫೋನು ಮತ್ತು ಟವರ್ ಮಾತಾಡಿಕೊಳ್ಳೋ ಸಿಗ್ನಲಿಂಗ್ ಚಾನೆಲ್ ಒಂದಿದೆ. ಎರಡೂ ಅದರ ಮೇಲೆಯೇ ಹೋಗುತ್ತವೆ. ಕರೆ ಮಾಡುವಷ್ಟು ಸಿಗ್ನಲ್ ಇದ್ದರೆ ಎರಡೂ ನಡೆಯುತ್ತವೆ. ಹಾಗಾದರೆ ವ್ಯತ್ಯಾಸ ಎಲ್ಲಿ? ಟವರ್ ದಾಟಿದ ಮೇಲೆ.

ಎಸ್‌ಎಮ್‌ಎಸ್ ಅಂದರೆ ಅಂಚೆ ಇದ್ದ ಹಾಗೆ. ನಾವು ಕಳಿಸಿದ ಸಂದೇಶವನ್ನು ಮೊದಲು ಎಸ್‌ಎಮ್‌ಎಸ್ ಕೇಂದ್ರ ತೆಗೆದು ಇಟ್ಟುಕೊಳ್ಳುತ್ತದೆ, ಆಮೇಲೆ ಮುಂದಕ್ಕೆ ಕಳಿಸುತ್ತದೆ. ಫೋನಲ್ಲಿ ‘ಕಳಿಸಲಾಗಿದೆ’ ಅಂತ ಬಂದರೆ ಆ ಕೇಂದ್ರ ಅದನ್ನು ತೆಗೆದುಕೊಂಡಿದೆ ಅಂತ ಮಾತ್ರ ಅರ್ಥ. ಬ್ಯಾಂಕಿಗೆ ಅದು ಮೂರು ಸೆಕೆಂಡಲ್ಲೂ ತಲುಪಬಹುದು, ಅರ್ಧ ಗಂಟೆ ಬಿಟ್ಟೂ ತಲುಪಬಹುದು. ಪ್ರತಿ ಸಂದೇಶವೂ ಒಂಟಿ. ಹಿಂದಿನದಕ್ಕೂ ಮುಂದಿನದಕ್ಕೂ ಜಾಲದ ಮಟ್ಟದಲ್ಲಿ ಸಂಬಂಧವೇ ಇಲ್ಲ.

ಯುಎಸ್‌ಎಸ್‌ಡಿ ಫೋನ್ ಕರೆಯ ಹಾಗೆ. *99# ಒತ್ತಿದ ಕೂಡಲೇ ನಮ್ಮ ಫೋನಿಗೂ ಆಪರೇಟರ್‌ನ ಯುಎಸ್‌ಎಸ್‌ಡಿ ಗೇಟ್‌ವೇಗೂ ನಡುವೆ ಒಂದು ಸೆಷನ್ ತೆರೆಯುತ್ತದೆ. ಆ ಗೇಟ್‌ವೇ ಎನ್‌ಪಿಸಿಐಯನ್ನು, ಎನ್‌ಪಿಸಿಐ ನಮ್ಮ ಬ್ಯಾಂಕನ್ನು ಕೇಳುತ್ತದೆ. ಸೆಷನ್ ಮುಗಿಯೋ ತನಕ ಈ ನಂಬರ್‌ನವರು ಯಾವ ಮೆನುವಿನಲ್ಲಿದ್ದಾರೆ, ಈವರೆಗೆ ಏನೇನು ಕೊಟ್ಟಿದ್ದಾರೆ ಅನ್ನೋದು ಸರ್ವರ್ ಕಡೆ ನೆನಪಿರುತ್ತದೆ. ಹಾಗಾಗಿ ಫೋನಲ್ಲಿ ಯಾವ ಆ್ಯಪೂ ಬೇಡ. ಬಂದ ಸಾಲುಗಳನ್ನು ತೋರಿಸಿ, ಒತ್ತಿದ ಅಂಕಿಯನ್ನು ವಾಪಸ್ ಕಳಿಸಿದರೆ ಅದರ ಕೆಲಸ ಮುಗಿಯಿತು.

ಒಂದು ಉದಾಹರಣೆ ತಗೊಳ್ಳೋಣ. ಊರಲ್ಲಿರೋ ಅಪ್ಪ ಹಾಸ್ಟೆಲ್ ಮೆಸ್ ಬಿಲ್ಲಿಗೆ 1,500 ರೂಪಾಯಿ ಕಳಿಸಬೇಕು. ಅವರ ಕೈಯಲ್ಲಿರೋದು ಕೀಪ್ಯಾಡ್ ಫೋನು. ಎಸ್‌ಎಮ್‌ಎಸ್ ಮೂಲಕ ಐಎಮ್‌ಪಿಎಸ್ ಮಾಡೋದಾದರೆ ಅವರು ಹೆಚ್ಚೂಕಡಿಮೆ ಹೀಗೆ ಟೈಪ್ ಮಾಡಬೇಕು:

```
IMPS <mobile> <MMID> 1500 <MPIN>
```

ಮೊಬೈಲ್ ನಂಬರ್ 10 ಅಂಕಿ, ಬ್ಯಾಂಕ್ ಕೊಟ್ಟ ಎಮ್‌ಎಮ್‌ಐಡಿ 7 ಅಂಕಿ, ಆಮೇಲೆ ಮೊತ್ತ, ಪಿನ್. ಎಲ್ಲ ಒಂದೇ ಸಾಲಲ್ಲಿ, ಸರಿಯಾದ ಕ್ರಮದಲ್ಲಿ, ಸರಿಯಾದ ಜಾಗದಲ್ಲಿ ಸ್ಪೇಸ್ ಕೊಟ್ಟು. ಈ ನಮೂನೆಯೂ ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ. ಒಂದು ಸ್ಪೇಸ್ ತಪ್ಪಿದರೆ ಗೊತ್ತಾಗೋದು ವಾಪಸ್ ಸಂದೇಶ ಬಂದ ಮೇಲೆ. ಹಣ ಯಾರ ಹೆಸರಿಗೆ ಹೋಗ್ತಿದೆ ಅಂತ ಮೊದಲೇ ನೋಡಿಕೊಳ್ಳೋ ಅವಕಾಶ ಇಲ್ಲ. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಪಿನ್ ಸಮೇತ ಆ ಸಂದೇಶ ಫೋನಿನ ಸೆಂಟ್ ಫೋಲ್ಡರ್‌ನಲ್ಲಿ ಉಳಿಯಬಹುದು. ರೀಚಾರ್ಜ್ ಅಂಗಡಿಯವನ ಕೈಗೆ ಫೋನ್ ಕೊಟ್ಟರೆ ಅವನಿಗೂ ಅದು ಕಾಣುತ್ತದೆ.

ಈಗ ಅದೇ ಕೆಲಸ *99# ಮೂಲಕ. ಅಪ್ಪ ಡಯಲ್ ಮಾಡ್ತಾರೆ, ಮೆನು ಬರುತ್ತದೆ. ಹಣ ಕಳಿಸಲು 1, ಮೊಬೈಲ್ ನಂಬರ್‌ಗೆ ಕಳಿಸಲು ಮತ್ತೆ 1. ಮಗನ ನಂಬರ್ ಹಾಕಿದರೆ ಆ ಖಾತೆಯ ಹೆಸರು ತೆರೆಯ ಮೇಲೆ ಬರುತ್ತದೆ. ಹೆಸರು ಬೇರೆಯಾಗಿದ್ದರೆ ಅಲ್ಲೇ ನಿಲ್ಲಿಸಬಹುದು, ಒಂದು ರೂಪಾಯಿಯೂ ಕದಲಿರೋದಿಲ್ಲ. ಸರಿಯಿದ್ದರೆ ಮೊತ್ತ, ಆಮೇಲೆ ಟಿಪ್ಪಣಿ (ಬೇಡದಿದ್ದರೆ ಬಿಡಬಹುದು), ಕೊನೆಗೆ ಯುಪಿಐ ಪಿನ್. ಪ್ರತಿ ಹೆಜ್ಜೆಗೂ ಒಂದೇ ಪ್ರಶ್ನೆ, ಒಂದೇ ಉತ್ತರ. ತಪ್ಪು ಆ ಹೆಜ್ಜೆಯಲ್ಲೇ ಗೊತ್ತಾಗುತ್ತದೆ. ಪಿನ್ ಒತ್ತುವಾಗ ತೆರೆಯ ಮೇಲೆ ಕಾಣಬಹುದು, ಆದರೆ ಸೆಷನ್ ಮುಗಿದ ಮೇಲೆ ಇನ್‌ಬಾಕ್ಸ್‌ನಲ್ಲೂ ಇರಲ್ಲ, ಸೆಂಟ್‌ನಲ್ಲೂ ಇರಲ್ಲ.

ಹೆಜ್ಜೆ ಎಣಿಸಿ ನೋಡಿ: ಡಯಲ್ ಸೇರಿಸಿ ಏಳು. 2016ರ ನವೆಂಬರ್‌ನಲ್ಲಿ ಟ್ರಾಯ್ ಒಂದು ಸೆಷನ್‌ನ ಹಂತಗಳ ಮಿತಿಯನ್ನು 5ರಿಂದ 8ಕ್ಕೆ ಏರಿಸಿತು. ಐದೇ ಹಂತ ಅಂದರೆ ನಂಬರ್ ಮತ್ತು ಮೊತ್ತ ಹಾಕಿ ಪಿನ್ ಒತ್ತೋ ಮೊದಲೇ ಹಂತಗಳು ಮುಗಿದುಹೋಗುತ್ತವೆ. ಆಗಲೇ ಒಂದು ಸೆಷನ್‌ಗೆ ಆಪರೇಟರ್ ವಿಧಿಸಬಹುದಾದ ಗರಿಷ್ಠ ಶುಲ್ಕವನ್ನೂ 1.50 ರೂಪಾಯಿಯಿಂದ 50 ಪೈಸೆಗೆ ಇಳಿಸಿದರು. 2022ರಲ್ಲಿ ಅದನ್ನೂ ತೆಗೆದುಹಾಕಿದರು.

ಕನ್ನಡದಲ್ಲಿ ಮೆನು ಮಾಡೋರಿಗೆ ಇಲ್ಲೊಂದು ಸ್ವಾರಸ್ಯದ ಲೆಕ್ಕ ಇದೆ. ಯುಎಸ್‌ಎಸ್‌ಡಿಯ ಒಂದು ತೆರೆಗೆ 160 ಬೈಟ್ ಜಾಗ. ಇಂಗ್ಲಿಷ್ ಅಕ್ಷರಕ್ಕೆ 7 ಬಿಟ್ ಸಾಕು, ಆದ್ದರಿಂದ 182 ಅಕ್ಷರ ಹಿಡಿಸುತ್ತವೆ. ಕನ್ನಡಕ್ಕೆ ಸಾಮಾನ್ಯವಾಗಿ ಬಳಸೋ ಯುನಿಕೋಡ್‌ನಲ್ಲಿ ಒಂದೊಂದಕ್ಕೆ 2 ಬೈಟ್, ಅಂದರೆ 80 ಮಾತ್ರ. ಅದರಲ್ಲೂ ಗುಣಿತದ ಚಿಹ್ನೆಗಳನ್ನು ಬೇರೆ ಬೇರೆಯಾಗಿ ಎಣಿಸಬೇಕು. ‘ಹಣ ಕಳುಹಿಸಿ’ ಅಂದರೆ 10. ಅದರ ಮುಂದೆ ‘1.’ ಮತ್ತು ಸಾಲಿನ ಕೊನೆ ಸೇರಿದರೆ 13. ಅಂಥ ಏಳು ಸಾಲಿನ ಮೆನುಗೆ 91 ಬೇಕು. ಒಂದು ತೆರೆಗೆ ಹಿಡಿಸೋದಿಲ್ಲ. ಪದಗಳನ್ನು ಮೊಟಕು ಮಾಡಬೇಕು, ಇಲ್ಲವೇ ಎರಡು ತೆರೆ ಮಾಡಬೇಕು. ಎರಡು ತೆರೆ ಅಂದರೆ ಇನ್ನೊಂದು ಹಂತ ಖರ್ಚು! ಇನ್ನು ಫೋನಲ್ಲಿ ಕನ್ನಡ ಫಾಂಟ್ ಇಲ್ಲದಿದ್ದರೆ ಅಕ್ಷರದ ಬದಲು ಚೌಕಗಳು ಬರುತ್ತವೆ. ಆಗ ಇಂಗ್ಲಿಷ್ ಮೆನುವೇ ಗತಿ.

ಹಾಗಂತ ಯುಎಸ್‌ಎಸ್‌ಡಿಯಲ್ಲಿ ತೊಂದರೆ ಇಲ್ಲ ಅಂತಲ್ಲ. ಸೆಷನ್ ತುಂಡಾಗೋದೇ ಅದರ ದೊಡ್ಡ ದೋಷ. ಉತ್ತರ ಕೊಡೋದು ತಡವಾದರೆ ಟೈಮ್‌ಔಟ್. ಸಿಗ್ನಲ್ ಹೋದರೂ ಅಷ್ಟೇ. ಎಸ್‌ಎಮ್‌ಎಸ್ ಆದರೆ ಸಿಗ್ನಲ್ ಬರೋ ತನಕ ಕಾಯುತ್ತದೆ, ಯುಎಸ್‌ಎಸ್‌ಡಿ ಕಾಯಲ್ಲ. ತುಂಡಾದಾಗ ಕೇಳಬೇಕಾದ ಪ್ರಶ್ನೆ ಒಂದೇ: ಪಿನ್ ಕಳಿಸಿದ್ದು ಆಗಿತ್ತಾ? ಆಗಿರದಿದ್ದರೆ ಏನೂ ನಡೆದಿಲ್ಲ, ಮತ್ತೆ ಮೊದಲಿಂದ ಶುರು ಮಾಡಬಹುದು. ಆಗಿದ್ದರೆ ಕೋರಿಕೆ ಬ್ಯಾಂಕ್ ತಲುಪಿ ಹಣ ಹೋಗಿಯೂ ಇರಬಹುದು, ಫಲಿತಾಂಶ ಮಾತ್ರ ನಮ್ಮ ತೆರೆಗೆ ಬಂದಿಲ್ಲ. ಅಪ್ಪ ಆಗ ಗಾಬರಿಯಲ್ಲಿ ಮತ್ತೆ 1,500 ಕಳಿಸಿದರೆ ಎರಡು ಸಲ ಕಡಿತ ಆಗಬಹುದು. ಮೊದಲು *99# ಮತ್ತೆ ಒತ್ತಿ ಬ್ಯಾಲೆನ್ಸ್ ಮತ್ತು ವ್ಯವಹಾರಗಳ ಪಟ್ಟಿ ನೋಡಬೇಕು, ಬ್ಯಾಂಕಿನ ಎಸ್‌ಎಮ್‌ಎಸ್‌ಗೆ ಕಾಯಬೇಕು.

ಸುರಕ್ಷತೆಯ ಮಾತೂ ಅಷ್ಟೇ. ಪಿನ್ ಫೋನಲ್ಲಿ ಉಳಿಯಲ್ಲ ನಿಜ, ಆದರೆ ಆ್ಯಪ್‌ಗಳ ಹಾಗೆ ಫೋನಿನಿಂದ ಬ್ಯಾಂಕಿನ ತನಕ ಒಂದೇ ಬೀಗ ಹಾಕಿಕೊಂಡು ಹೋಗೋದೂ ಇಲ್ಲ. ಫೋನು ಮತ್ತು ಟವರ್ ನಡುವೆ ಇರೋದು ಮೊಬೈಲ್ ಜಾಲದ ಗೂಢಲಿಪಿ ಮಾತ್ರ. ಒಂದು ಸಲಕ್ಕೆ ಕಳಿಸಬಹುದಾದ ಮೊತ್ತವೂ 5,000 ರೂಪಾಯಿ ದಾಟುವಂತಿಲ್ಲ.

ಒಟ್ಟಿನಲ್ಲಿ, ಪ್ರಶ್ನೆ-ಉತ್ತರ ನಡೆಯಬೇಕಾದ ಕಡೆ ಸೆಷನ್ ಬೇಕು, ಕಳೆದುಹೋಗದೆ ತಲುಪಬೇಕಾದ ಕಡೆ ಅಂಚೆ ಬೇಕು. *99#ನಲ್ಲಿ ಹಣ ಕಳಿಸಿದ ಮೇಲೆ ‘ನಿಮ್ಮ ಖಾತೆಯಿಂದ ಇಷ್ಟು ಕಡಿತವಾಗಿದೆ’ ಅಂತ ಬ್ಯಾಂಕ್ ತಿಳಿಸೋದು ಎಸ್‌ಎಮ್‌ಎಸ್‌ನಲ್ಲೇ. ಮಾತುಕತೆ ಯುಎಸ್‌ಎಸ್‌ಡಿಯದು, ರಸೀದಿ ಎಸ್‌ಎಮ್‌ಎಸ್‌ನದು.