ಬಾದಾಮಿ ಮಾವು ಮಾರಾಟ: ಪೋಸ್ಟ್ ಹಾಕುವ ಮೊದಲು ಕಾಯಿ ಎಣಿಸಿ

ಕೆಂಪಾಪುರದ ನಮ್ಮ ತೋಟದ ಬಾದಾಮಿಯನ್ನು ನೇರವಾಗಿ ಗ್ರಾಹಕರಿಗೆ ಮಾರೋಕೆ ಹೊರಟ ಮೊದಲ ವರ್ಷ ಒಂದು ಎಡವಟ್ಟು ಮಾಡಿದೆ. ಹೂ ನೋಡಿದ ಖುಷಿಗೆ ಜನವರಿಯಲ್ಲೇ ಬೆಲೆ ಹಾಕಿ, ದುಡ್ಡೂ ತಗೊಂಡೆ. ಗಾಳಿ ಮಳೆಗೆ ಕಾಯಿ ಉದುರಿತು. 150 ಬಾಕ್ಸ್ ಬುಕ್ ಆಗಿತ್ತು, ಕೈಗೆ ಸಿಕ್ಕಿದ್ದು 90. ಹಣ ವಾಪಸ್ ಕೊಟ್ಟೆ. ಆ ಜನ ಮಾತ್ರ ವಾಪಸ್ ಬರಲಿಲ್ಲ.

ಈಗ ಕೊಯ್ಲಿನ ದಿನದಿಂದ ಹಿಂದಕ್ಕೆ ಎಣಿಸ್ತೀನಿ. ಕೊಯ್ಲು ಏಪ್ರಿಲ್ 25 ಅಂತಿಟ್ಟುಕೊಳ್ಳಿ. ತಿಂಗಳ ಮೊದಲ ವಾರ ಕಾಯಿಯ ಫೋಟೋ ಮಾತ್ರ, ಬೆಲೆ ಇಲ್ಲ. ಜೊತೆಗೆ ಒಂದು ಸಾಲು: ‘ಹಣ್ಣು ಬೇಕಾದವರು ನಮ್ಮ ನಂಬರ್ ಸೇವ್ ಮಾಡಿ, ಮಾವು ಅಂತ ಕಳಿಸಿ.’ ಸೇವ್ ಮಾಡದವರಿಗೆ ವಾಟ್ಸಾಪ್ ಬ್ರಾಡ್‌ಕಾಸ್ಟ್ ಹೋಗೋದೇ ಇಲ್ಲ, ಅದಕ್ಕೇ ಈ ಸಾಲು.

ಕೊಯ್ಲಿಗೆ ಹತ್ತು ದಿನ ಇರುವಾಗ ಬೆಲೆ ಹೇಳ್ತೀನಿ. ಅದಕ್ಕೂ ಮೊದಲು ದೊಡ್ಡದು, ಚಿಕ್ಕದು ಸೇರಿಸಿ ಐದು ಮರದ ಕಾಯಿ ಎಣಿಸಬೇಕು. ಮರಕ್ಕೆ ಸರಾಸರಿ 120 ಬಂದರೆ 30 ಮರಕ್ಕೆ 3600 ಕಾಯಿ. ಕೆಜಿಗೆ ನಾಲ್ಕರಂತೆ 900 ಕೆಜಿ, ಅಂದರೆ ಮೂರು ಕೆಜಿಯ 300 ಬಾಕ್ಸ್. ಉದುರೋದು, ಚುಕ್ಕೆ ಬೀಳೋದು, ಸಣ್ಣದು ಅಂತ ಮೂರನೇ ಒಂದು ಭಾಗ ಕಳೆದರೆ 200. ನಾನು ಹೆಸರು ಬರ್ಕೊಳ್ಳೋದು 160ಕ್ಕೆ ಮಾತ್ರ. ದುಡ್ಡು ಆಗಲೂ ಕೇಳಲ್ಲ.

ಕೊಯ್ಲಿನ ದಿನ ಸಾಕ್ಷಿ ತೋರಿಸೋ ದಿನ. ಕಾಯಿಯನ್ನು ನೀರಿನ ಟಬ್‌ಗೆ ಹಾಕಿ ವಿಡಿಯೋ ಮಾಡ್ತೀವಿ. ಬಲಿತದ್ದು ಮುಳುಗುತ್ತೆ, ಎಳೆಯದು ತೇಲುತ್ತೆ. ತೇಲಿದ್ದನ್ನೂ ಕತ್ತರಿಸದೆ ತೋರಿಸಿ. ಬರೀ ಮುಳುಗಿದ್ದು ತೋರಿಸಿದರೆ ಯಾರು ನಂಬ್ತಾರೆ? ಆಮೇಲೆ ಭತ್ತದ ಹುಲ್ಲಲ್ಲಿಟ್ಟ ಅದೇ ಕಾಯಿಯ ಫೋಟೋ ದಿನ ಬಿಟ್ಟು ದಿನ. ‘ಕಾರ್ಬೈಡ್ ಹಾಕಿದೀರಾ?’ ಅನ್ನೋ ಪ್ರಶ್ನೆಗೆ ಬಣ್ಣ ನಿಧಾನಕ್ಕೆ ತಿರುಗೋ ಈ ಫೋಟೋಗಳೇ ಉತ್ತರ. ಒಂದು ವಾರಕ್ಕೆ ಹಣ್ಣಾಗುತ್ತೆ, ಆಗ ಹಣ ತಗೊಂಡು ಬಾಕ್ಸ್ ಕಳಿಸ್ತೀನಿ.

ಬಾದಾಮಿಗೆ ಒಂದು ಕೆಟ್ಟ ಗುಣ ಇದೆ. ಹೊರಗೆ ಚಿನ್ನದ ಹಾಗಿದ್ದು, ಒಳಗೆ ಬಿಳಚಿ ಸ್ಪಂಜಿನ ತರ ಹುಳಿ ತಿರುಳು ಇರುತ್ತೆ. ನಾವು ಕಾಲೇಜಲ್ಲಿ ‘ಸ್ಪಾಂಜಿ ಟಿಶ್ಯೂ’ ಅಂತ ಓದಿದ್ದು ಇದೇ. ಕೊಯ್ದ ಕಾಯಿ ಬಿಸಿಲಲ್ಲಿ ಬಿದ್ದಿದ್ದರೆ, ಮರದಲ್ಲೇ ಅತಿಯಾಗಿ ಬಲಿತರೆ ಜಾಸ್ತಿ. ಕೊಯ್ಯದೆ ಗೊತ್ತಾಗಲ್ಲ, ಹಾಗಾಗಿ ಬೆಲೆಯ ಪೋಸ್ಟಲ್ಲೇ ಇದನ್ನ ಹೇಳಿಬಿಡ್ತೀನಿ.

ಬಾಕ್ಸ್ ತಲುಪಿ ಮೂರು ದಿನಕ್ಕೆ ಒಬ್ಬೊಬ್ಬರಿಗೂ ಮೆಸೇಜ್: ‘ಕೊಯ್ದ ಹಣ್ಣಿನ ಫೋಟೋ ಕಳಿಸಿ, ಕೆಟ್ಟಿದ್ದರೂ ಕಳಿಸಿ.’ ಕೆಟ್ಟಿದ್ದವರಿಗೆ ಉಳಿಸಿಕೊಂಡ 40 ಬಾಕ್ಸಿಂದ ಬದಲಿ ಹಣ್ಣು. ಅವರ ಒಪ್ಪಿಗೆ ಪಡೆದು ಆ ಕೆಟ್ಟ ಹಣ್ಣಿನ ಫೋಟೋ, ಬದಲಿ ಕೊಟ್ಟ ಫೋಟೋ ಎರಡನ್ನೂ ಸ್ಟೇಟಸ್‌ಗೆ ಹಾಕ್ತೀನಿ. ನಮ್ಮಪ್ಪ ‘ನಿಂಗೇನ್ ತಲೆ ಕೆಟ್ಟಿದ್ಯಾ?’ ಅಂದಿದ್ರು. ಆ ಸ್ಟೇಟಸ್ ನೋಡಿ ಮಿಕ್ಕ ಬಾಕ್ಸ್ ಕೇಳಿದವರ ಹೆಸರು ಈಗ ಅವರೇ ಬರ್ಕೊಳ್ತಾರೆ.