ಯುಎಆರ್‌ಟಿ ರಿಸೀವರ್‌ನಲ್ಲಿ ಓವರ್‌ಸ್ಯಾಂಪ್ಲಿಂಗ್

ಯುಎಆರ್‌ಟಿ ರಿಸೀವರ್‌ನಲ್ಲಿ ಓವರ್‌ಸ್ಯಾಂಪ್ಲಿಂಗ್ ಎಂದರೆ, ಬರುವ ಪ್ರತಿಯೊಂದು ಬಿಟ್‌ನ ಅವಧಿಯನ್ನು ಹಲವು ಸಮಭಾಗಗಳಾಗಿ ವಿಂಗಡಿಸಿಕೊಂಡು, ಆ ಒಂದೊಂದು ಭಾಗದಲ್ಲಿಯೂ ತಂತಿಯ ಮಟ್ಟವನ್ನು ಪರೀಕ್ಷಿಸುವ ವಿಧಾನ. ಭಾಗಗಳ ಸಂಖ್ಯೆ ಸಾಮಾನ್ಯವಾಗಿ 16. ಕೆಲವು ಚಿಪ್‌ಗಳಲ್ಲಿ 8. ಬಿಟ್‌ನ ಮಧ್ಯಭಾಗವನ್ನು ಗುರುತಿಸಿ ಅಲ್ಲಿಯೇ ಅದನ್ನು ಓದುವುದು ಈ ವಿಧಾನದ ಉದ್ದೇಶ. ಕಳುಹಿಸುವ ಮತ್ತು ಸ್ವೀಕರಿಸುವ ಸಾಧನಗಳ ಬಾಡ್ ದರಗಳಲ್ಲಿ ಅಲ್ಪ ವ್ಯತ್ಯಾಸವಿದ್ದರೂ ಸಂವಹನ ಕೆಡದಿರುವುದು ಇದರಿಂದಲೇ ಸಾಧ್ಯವಾಗುತ್ತದೆ.

## ಬಿಟ್‌ನ ಮಧ್ಯವನ್ನು ಕಂಡುಕೊಳ್ಳುವ ಕ್ರಮ

ಯುಎಆರ್‌ಟಿ ಸಂಪರ್ಕದಲ್ಲಿ ದತ್ತಾಂಶದ ಜೊತೆಗೆ ಕ್ಲಾಕ್ ಸಂಕೇತವನ್ನು ಒಯ್ಯುವ ಪ್ರತ್ಯೇಕ ತಂತಿ ಇರುವುದಿಲ್ಲ. ಎರಡೂ ಸಾಧನಗಳು ತಮ್ಮ ತಮ್ಮ ಕ್ಲಾಕ್‌ಗಳನ್ನು ನಂಬಿಕೊಂಡೇ ಕೆಲಸ ಮಾಡುತ್ತವೆ. ಬಿಡುವಿನ ವೇಳೆಯಲ್ಲಿ ತಂತಿ ಉಚ್ಚ ಮಟ್ಟದಲ್ಲಿರುತ್ತದೆ. ಒಂದು ಅಕ್ಷರ ಆರಂಭವಾಗುವಾಗ ಅದು ನಿಮ್ನ ಮಟ್ಟಕ್ಕೆ ಇಳಿದು ಒಂದು ಬಿಟ್ ಅವಧಿಯವರೆಗೆ ಹಾಗೆಯೇ ಉಳಿಯುತ್ತದೆ. ಇದೇ ಸ್ಟಾರ್ಟ್ ಬಿಟ್. ಅದರ ಹಿಂದೆ ಎಂಟು ದತ್ತಾಂಶ ಬಿಟ್‌ಗಳು, ಕೊನೆಯಲ್ಲಿ ಉಚ್ಚ ಮಟ್ಟದ ಸ್ಟಾಪ್ ಬಿಟ್ ಬರುತ್ತವೆ. ಆರಂಭದ ಆ ಇಳಿತವೊಂದೇ ರಿಸೀವರ್‌ಗೆ ದೊರೆಯುವ ಕಾಲಸೂಚನೆ, ಮುಂದಿನದೆಲ್ಲ ಲೆಕ್ಕಾಚಾರ.

ರಿಸೀವರ್‌ನ ಕ್ಲಾಕ್ ಬಾಡ್ ದರದ 16 ಪಟ್ಟು ವೇಗದಲ್ಲಿ ಮಿಡಿಯುತ್ತದೆ. ತಂತಿ ನಿಮ್ನವಾದುದು ಕಂಡೊಡನೆ ಎಣಿಕೆ ಆರಂಭವಾಗುತ್ತದೆ. ಎಂಟು ಮಿಡಿತಗಳ ಬಳಿಕ, ಅಂದರೆ ಅರ್ಧ ಬಿಟ್ ಕಳೆದ ಮೇಲೆ, ತಂತಿಯನ್ನು ಮತ್ತೆ ನೋಡಲಾಗುತ್ತದೆ. ಅಷ್ಟರಲ್ಲಿ ಅದು ಉಚ್ಚ ಮಟ್ಟಕ್ಕೆ ಮರಳಿದ್ದರೆ ಆ ಇಳಿತವನ್ನು ವಿದ್ಯುತ್ ಗದ್ದಲವೆಂದು ತಿಳಿದು ಕೈಬಿಡಲಾಗುತ್ತದೆ. ಇನ್ನೂ ನಿಮ್ನವಾಗಿಯೇ ಇದ್ದರೆ ಅದು ನಿಜವಾದ ಸ್ಟಾರ್ಟ್ ಬಿಟ್. ರಿಸೀವರ್ ಆಗ ಅದರ ಮಧ್ಯದಲ್ಲಿದೆ. ಅಲ್ಲಿಂದ ಹದಿನಾರು ಹದಿನಾರು ಮಿಡಿತಗಳನ್ನು ಎಣಿಸುತ್ತ ಹೋದರೆ ಪ್ರತಿ ಬಿಟ್‌ನ ಮಧ್ಯವೂ ಸಿಗುತ್ತದೆ.

ಎಟಿಮೆಗಾ328ಪಿ ಮೊದಲಾದ ಎವಿಆರ್ ಚಿಪ್‌ಗಳು ಮಧ್ಯದಲ್ಲಿ ಒಂದೇ ಮಾದರಿಯನ್ನು ನೆಚ್ಚುವುದಿಲ್ಲ. 8, 9 ಮತ್ತು 10ನೆಯ ಮಾದರಿಗಳಲ್ಲಿ ಎರಡು ಯಾವ ಮಟ್ಟವನ್ನು ಹೇಳುತ್ತವೆಯೋ ಅದನ್ನೇ ಬಿಟ್‌ನ ಬೆಲೆಯೆಂದು ಸ್ವೀಕರಿಸುತ್ತವೆ. ಒಂದು ಮಿಡಿತದಷ್ಟು ಚಿಕ್ಕ ಗದ್ದಲ ಇದರಿಂದ ತಾನಾಗಿಯೇ ಸೋಸಿಹೋಗುತ್ತದೆ.

## ವ್ಯತ್ಯಾಸಕ್ಕೆ ಇರುವ ಮಿತಿ

ಎರಡು ಕ್ಲಾಕ್‌ಗಳ ವ್ಯತ್ಯಾಸ ಬಿಟ್‌ನಿಂದ ಬಿಟ್‌ಗೆ ಕೂಡುತ್ತ ಹೋಗುತ್ತದೆ. ಆದ್ದರಿಂದ ಸ್ಟಾಪ್ ಬಿಟ್‌ನಲ್ಲಿಯೇ ಅದು ಗರಿಷ್ಠ. ಸ್ಟಾಪ್ ಬಿಟ್‌ನ ಮಧ್ಯವು ಆರಂಭದ ಇಳಿತದಿಂದ ಒಂಬತ್ತೂವರೆ ಬಿಟ್ ದೂರದಲ್ಲಿದೆ. ಮಾದರಿ ತೆಗೆಯುವ ಕ್ಷಣ ಅಲ್ಲಿಂದ ಹಿಂದಕ್ಕಾಗಲಿ ಮುಂದಕ್ಕಾಗಲಿ ಅರ್ಧ ಬಿಟ್‌ಗಿಂತ ಹೆಚ್ಚು ಸರಿಯಬಾರದು. ಅರ್ಧವನ್ನು ಒಂಬತ್ತೂವರೆಯಿಂದ ಭಾಗಿಸಿದರೆ ಸುಮಾರು ಶೇ. 5.3 ಬರುತ್ತದೆ. ಆದರೆ ಆರಂಭದ ಇಳಿತ ಎರಡು ಮಿಡಿತಗಳ ನಡುವೆ ಎಲ್ಲಿ ಬೇಕಾದರೂ ಬೀಳಬಹುದಾದುದರಿಂದ ಅದನ್ನು ಗುರುತಿಸುವುದರಲ್ಲಿ ಒಂದು ಮಿಡಿತದವರೆಗೆ ತಡವಾಗಬಹುದು. ಇದನ್ನು ಕಳೆದರೆ ಉಳಿಯುವುದು ಸುಮಾರು ಶೇ. 4.6. ಎಂಟು ಪಟ್ಟು ಓವರ್‌ಸ್ಯಾಂಪ್ಲಿಂಗ್‌ನಲ್ಲಿ ಮಿಡಿತ ದೊಡ್ಡದು, ಹಾಗಾಗಿ ಮಿತಿ ಸುಮಾರು ಶೇ. 4ಕ್ಕೆ ಇಳಿಯುತ್ತದೆ. ಈ ಮಿತಿಯನ್ನು ಎರಡೂ ಸಾಧನಗಳು ಹಂಚಿಕೊಳ್ಳಬೇಕು. ಆದ್ದರಿಂದಲೇ ಎಟಿಮೆಗಾ328ಪಿ ಕೈಪಿಡಿ ರಿಸೀವರ್ ಒಂದಕ್ಕೆ ಮೊದಲನೆಯ ವಿಧಾನದಲ್ಲಿ ಶೇ. 2, ಎರಡನೆಯದರಲ್ಲಿ ಶೇ. 1.5 ಮಾತ್ರ ಶಿಫಾರಸು ಮಾಡುತ್ತದೆ.

ಕೂಡಿದ ವ್ಯತ್ಯಾಸ ಒಂದು ಅಕ್ಷರದಿಂದ ಮತ್ತೊಂದಕ್ಕೆ ಸಾಗುವುದಿಲ್ಲ. ಪ್ರತಿ ಸ್ಟಾರ್ಟ್ ಬಿಟ್‌ನಲ್ಲಿಯೂ ಎಣಿಕೆ ಹೊಸದಾಗಿ ಆರಂಭವಾಗುತ್ತದೆ.

## ಒಂದು ಉದಾಹರಣೆ: 16 ಮೆಗಾಹರ್ಟ್ಸ್ ಮತ್ತು 115200 ಬಾಡ್

ಆರ್ಡುಯಿನೋ ಊನೋ ಫಲಕದ ಎಟಿಮೆಗಾ328ಪಿ 16 ಮೆಗಾಹರ್ಟ್ಸ್ ವೇಗದಲ್ಲಿ ಕೆಲಸ ಮಾಡುತ್ತದೆ. ಅದರ ಬಾಡ್ ದರ ಹೀಗೆ ನಿರ್ಧಾರವಾಗುತ್ತದೆ:

```
U2X0 = 0:  baud = 16000000 / (16 * (UBRR0 + 1))
U2X0 = 1:  baud = 16000000 / (8 * (UBRR0 + 1))
```

`UBRR0` ಪೂರ್ಣಾಂಕವೇ ಆಗಿರಬೇಕು. ತೊಡಕು ಹುಟ್ಟುವುದು ಇಲ್ಲಿ. ಹದಿನಾರು ಪಟ್ಟಿನ ವಿಧಾನದಲ್ಲಿ 115200ಕ್ಕೆ ಅತಿ ಸಮೀಪದ ಬೆಲೆ 8. ಅದರಿಂದ ಬರುವ ದರ 111111, ಅಂದರೆ ಶೇ. 3.5ರಷ್ಟು ನಿಧಾನ. ಕಳುಹಿಸುವ ಸಾಧನದ ಬಿಟ್ ಅವಧಿ 8.68 ಮೈಕ್ರೋಸೆಕೆಂಡ್ ಆದರೆ ರಿಸೀವರ್‌ನದು 9. ಒಂಬತ್ತೂವರೆ ಬಿಟ್ ಎಣಿಸುವಷ್ಟರಲ್ಲಿ 85.5 ಮೈಕ್ರೋಸೆಕೆಂಡ್ ಕಳೆದಿರುತ್ತದೆ. ಕಳುಹಿಸುವವನ ಲೆಕ್ಕದಲ್ಲಿ ಅದು 9.85 ಬಿಟ್. ಸ್ಟಾಪ್ ಬಿಟ್ 10ಕ್ಕೆ ಮುಗಿಯುತ್ತದೆ. ಇಳಿತವನ್ನು ಗುರುತಿಸುವಲ್ಲಿನ ತಡವನ್ನೂ ಸೇರಿಸಿದರೆ 9.91 ಆಗುತ್ತದೆ. ಕೆಲಸ ನಡೆಯುತ್ತದೆ, ಆದರೆ ಕೂದಲೆಳೆಯ ಅಂತರದಲ್ಲಿ. ಎದುರಿನ ಸಾಧನ ಶೇ. 1ರಷ್ಟು ವೇಗವಾಗಿದ್ದರೂ ಓದುವ ಕ್ಷಣ ಮುಂದಿನ ಅಕ್ಷರದ ಸ್ಟಾರ್ಟ್ ಬಿಟ್‌ಗೆ ಜಾರುತ್ತದೆ.

ಎಂಟು ಪಟ್ಟಿನ ವಿಧಾನದಲ್ಲಿ `UBRR0` 16 ಆಗಿ ದರ 117647 ಬರುತ್ತದೆ, ವ್ಯತ್ಯಾಸ ಶೇ. 2.1 ಮಾತ್ರ. ಸ್ಟಾಪ್ ಬಿಟ್ಟನ್ನು 9.30ರಲ್ಲಿ ಓದಲಾಗುತ್ತದೆ, 9ರ ಗಡಿಯಿಂದ ಸಾಕಷ್ಟು ಒಳಗೆ. ಮಾದರಿಗಳ ಸಂಖ್ಯೆ ಅರ್ಧವಾದರೂ ಇಲ್ಲಿ ಫಲಿತಾಂಶ ಉತ್ತಮ. ಓವರ್‌ಸ್ಯಾಂಪ್ಲಿಂಗ್ ಹೆಚ್ಚಿದಷ್ಟೂ ಒಳ್ಳೆಯದೆಂಬ ಸಾಮಾನ್ಯ ಗ್ರಹಿಕೆ ಈ ಸಂದರ್ಭದಲ್ಲಿ ನಿಲ್ಲುವುದಿಲ್ಲ. ಊನೋ ಫಲಕದ ಯುಎಸ್‌ಬಿ ಚಿಪ್ ಆದ ಎಟಿಮೆಗಾ16ಯು2 ಕೂಡ 16 ಮೆಗಾಹರ್ಟ್ಸ್ ಸ್ಫಟಿಕದಿಂದಲೇ ನಡೆಯುತ್ತದೆ. ಎರಡೂ ಒಂದೇ ದಿಕ್ಕಿಗೆ ತಪ್ಪುವುದರಿಂದ ಫಲಕದೊಳಗೆ ಈ ವ್ಯತ್ಯಾಸ ಗೋಚರಿಸುವುದೇ ಇಲ್ಲ. ಬೇರೆ ಪರಿವರ್ತಕವನ್ನು ಜೋಡಿಸಿದಾಗಲೇ ತೊಂದರೆ ತಲೆದೋರುತ್ತದೆ.

1.8432 ಮೆಗಾಹರ್ಟ್ಸ್‌ನಂಥ ವಿಚಿತ್ರ ಬೆಲೆಯ ಸ್ಫಟಿಕಗಳು ಬಳಕೆಗೆ ಬಂದುದಕ್ಕೂ ಇದೇ ಕಾರಣ. ಅದನ್ನು 16ರಿಂದ ಭಾಗಿಸಿದರೆ ಸರಿಯಾಗಿ 115200 ಬರುತ್ತದೆ. 1981ರ ಐಬಿಎಂ ಪಿಸಿಯ ಸರಣಿ ಸಂಪರ್ಕದಲ್ಲಿ ಬಳಸಿದ್ದು ಇದೇ ಆವರ್ತನ.

## ದೋಷದ ಲಕ್ಷಣಗಳು

ಸ್ಟಾಪ್ ಬಿಟ್ ಇರಬೇಕಾದಲ್ಲಿ ನಿಮ್ನ ಮಟ್ಟ ಕಂಡರೆ ರಿಸೀವರ್ ಫ್ರೇಮಿಂಗ್ ದೋಷವನ್ನು ಸೂಚಿಸುತ್ತದೆ. ರಿಸೀವರ್ ನಿಧಾನವಾಗಿದ್ದರೆ ಬಿಡಿಬಿಡಿಯಾಗಿ ಒತ್ತಿದ ಅಕ್ಷರಗಳು ಸರಿಯಾಗಿ ಬರುತ್ತವೆ, ಏಕೆಂದರೆ ಸ್ಟಾಪ್ ಬಿಟ್ಟನ್ನು ದಾಟಿ ಓದಿದರೂ ಅಲ್ಲಿರುವುದು ಬಿಡುವಿನ ಉಚ್ಚ ಮಟ್ಟವೇ. ಕಡತವೊಂದನ್ನು ಎಡೆಬಿಡದೆ ಕಳುಹಿಸಿದಾಗ ಮಾತ್ರ ಅದು ಕೆಡುತ್ತದೆ. ರಿಸೀವರ್ ವೇಗವಾಗಿದ್ದರೆ ಸ್ಟಾಪ್ ಬಿಟ್‌ಗೆ ಬದಲಾಗಿ ಎಂಟನೆಯ ದತ್ತಾಂಶ ಬಿಟ್ಟನ್ನೇ ಓದುತ್ತದೆ. ಇಂಗ್ಲಿಷ್ ಅಕ್ಷರಗಳಲ್ಲಿ ಅದು ಸೊನ್ನೆಯಾದ್ದರಿಂದ ಒಂಟಿ ಅಕ್ಷರದಲ್ಲಿಯೂ ದೋಷ ತೋರುತ್ತದೆ. ಯುಟಿಎಫ್-8 ರೂಪದ ಕನ್ನಡ ಅಕ್ಷರಗಳಲ್ಲಾದರೋ ಪ್ರತಿ ಬೈಟ್‌ನ ಎಂಟನೆಯ ಬಿಟ್ ಒಂದೇ ಆಗಿರುತ್ತದೆ. ಅದನ್ನು ಸ್ಟಾಪ್ ಬಿಟ್ ಎಂದೇ ಭ್ರಮಿಸಿ ರಿಸೀವರ್ ಮೌನವಾಗಿರಬಹುದು. ಹೀಗಾಗಿ ಪರೀಕ್ಷೆಗೆ ಎರಡೂ ಬಗೆಯ ಪಠ್ಯವನ್ನು ಕಳುಹಿಸುವುದು ಲೇಸು.

ಅಳೆದು ನೋಡಬೇಕಾದರೆ `U` ಅಕ್ಷರವನ್ನು ಕಳುಹಿಸಬೇಕು. ಅದರ ಬಿಟ್‌ಗಳು ಒಂದು, ಸೊನ್ನೆ ಎಂದು ಪರ್ಯಾಯವಾಗಿ ಬರುವುದರಿಂದ ಆಸಿಲೋಸ್ಕೋಪಿನಲ್ಲಿ ಬಿಟ್ ಅವಧಿ ನೇರವಾಗಿ ಕಾಣುತ್ತದೆ. ಸ್ಫಟಿಕವಿಲ್ಲದೆ ಚಿಪ್‌ನ ಒಳಗಿನ ಆಂದೋಲಕವನ್ನೇ ಬಳಸುವವರಿಗೆ ಈ ಅಳತೆ ಅನಿವಾರ್ಯ. ಎಟಿಮೆಗಾ328ಪಿ ಚಿಪ್‌ನಲ್ಲಿ ಕಾರ್ಖಾನೆಯ ಹೊಂದಾಣಿಕೆಗೆ ನೀಡಿರುವ ಖಾತರಿ ಶೇ. 10ರಷ್ಟು ಸಡಿಲವಾಗಿದ್ದು, ಅಷ್ಟು ದೊಡ್ಡ ವ್ಯತ್ಯಾಸವನ್ನು ಯಾವ ಓವರ್‌ಸ್ಯಾಂಪ್ಲಿಂಗ್ ಕೂಡ ಸರಿದೂಗಿಸಲಾರದು.